ಫೋಟೋದಲ್ಲಿ ದೊಡ್ಡಮ್ಮನ ಕೂದಲು

ಸಾಫ್ಟ್‌ವೇರ್ ಇಂಜಿನಿಯರ್ ಅಂದರೆ ಊರಿನಲ್ಲಿ ಎಲ್ಲದಕ್ಕೂ ಇಂಜಿನಿಯರ್. ಟಿವಿ ರಿಮೋಟ್ ಹಾಳಾದರೂ ನಾನೇ, ಆಧಾರ್ ಅಪ್‌ಡೇಟ್ ಆಗದಿದ್ದರೂ ನಾನೇ. ಈ ಸಲ ರಜೆಯಲ್ಲಿ ಫರಂಗಿಪೇಟೆಗೆ ಹೋದಾಗ ಸಿಕ್ಕಿದ ಕೆಲಸ ಕೂದಲಿನದು. ತಲೆಯ ಮೇಲಿನ ಕೂದಲಲ್ಲ, ಫೋಟೋದೊಳಗಿನದು.

ದೊಡ್ಡಮ್ಮನಿಗೆ ಥೈರಾಯ್ಡ್ ಶುರುವಾದ ಮೇಲೆ ಕೂದಲು ತೆಳ್ಳಗಾಗಿದೆ. ಬೈತಲೆ ಅಗಲವಾಗಿದೆ. ಎರಡು ವರ್ಷದಿಂದ ಯಾವ ಫಂಕ್ಷನ್ನಿನಲ್ಲೂ ಫೋಟೋಕ್ಕೆ ನಿಲ್ಲುತ್ತಿರಲಿಲ್ಲ, ಕ್ಯಾಮೆರಾ ಕಂಡರೆ ಸಾಕು "ಅಡುಗೆಮನೆಯಲ್ಲಿ ಕೆಲಸ ಉಂಟು" ಅಂತ ಒಳಗೆ ಹೋಗುತ್ತಿದ್ದರು. ಮೇ ಕೊನೆಗೆ ಅವರ ಮಗನ ನಿಶ್ಚಿತಾರ್ಥ ಆಯಿತು. ಆವತ್ತು ಮಾತ್ರ ಅಕ್ಕ, ಅಂದರೆ ದೊಡ್ಡಮ್ಮನ ಮಗಳು, ಕೈ ಹಿಡಿದು ಎಳೆದು ಅಂಗಳದಲ್ಲಿ ನಿಲ್ಲಿಸಿದಳು. ಒಂದೇ ಒಂದು ಫೋಟೋ. ತಾಯಿ, ಮಗಳು, ಇಬ್ಬರೂ ನಗುತ್ತಿದ್ದಾರೆ. ಅದನ್ನು ದೊಡ್ಡದು ಮಾಡಿ ಚಾವಡಿಯಲ್ಲಿ ಹಾಕಬೇಕು ಅಂತ ಆಯಿತು.

ಒಂದು ಸ್ಟುಡಿಯೋದವರಿಗೆ "ಸ್ವಲ್ಪ ಕೂದಲು ಸರಿ ಮಾಡಿ ಕೊಡಿ" ಅಂತ ಹೇಳಿದ್ದರಂತೆ. ಬಂದ ಪ್ರಿಂಟಿನಲ್ಲಿ ದೊಡ್ಡಮ್ಮನ ಬೈತಲೆಯೇ ಇರಲಿಲ್ಲ. ನೆತ್ತಿಯ ಮೇಲೆ ಕಪ್ಪು ಬಣ್ಣ ಹೊಡೆದಿದ್ದರು. ಅಕ್ಕನ ಗುಂಗುರು ಕೂದಲಿನ ಅಂಚು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ನುಣ್ಣಗೆ. ದೊಡ್ಡಮ್ಮ ಅದನ್ನು ಒಂದು ನಿಮಿಷ ನೋಡಿ, "ಎಂತ ಮಗಾ ಇದು, ಟೊಪ್ಪಿ ಇಟ್ಟ ಹಾಗೆ ಉಂಟಲ್ಲ. ಇದು ನಾನಲ್ಲ" ಅಂತ ಮಗುಚಿ ಇಟ್ಟರು. ಮತ್ತೆ ಆ ಫೋಟೋದ ಸುದ್ದಿ ಅವರು ತೆಗೆಯಲಿಲ್ಲ. ಅಕ್ಕ ನನಗೆ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಅಮ್ಮನ ಕೂದಲು ಸ್ವಲ್ಪ ತುಂಬಿದ ಹಾಗೆ ಕಾಣಬೇಕು, ಆದರೆ ಅಮ್ಮನೇ ಅಂತ ಗೊತ್ತಾಗಬೇಕು. ನನ್ನದು ಕೆದರಿದ್ದು ಸ್ವಲ್ಪ ಕಮ್ಮಿ ಮಾಡು."

ನಿಮ್ಮಲ್ಲಿ ತುಂಬ ಮಂದಿಗೆ ಇಂಥ ಒಂದು ಫೋಟೋ ಇರಬಹುದು. ಆದ್ದರಿಂದ ಈ ಸಲದ ಅಂಕಣದಲ್ಲಿ ಆ ಒಂದು ಫೋಟೋದ ಕೆಲಸವನ್ನೇ ಪೂರ್ತಿ ಹೇಳುತ್ತೇನೆ. ನಾನು ಬಳಸಿದ್ದು GIMP, ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರ್. ಫೋಟೋಶಾಪ್ ಇದ್ದವರಿಗೂ ಇದೇ ದಾರಿ, ಮೆನುವಿನ ಹೆಸರು ಮಾತ್ರ ಬೇರೆ.

ಮೊದಲು ಅಸಲಿ ಫೈಲ್ ಬೇಕು. ಅಕ್ಕ ಕಳಿಸಿದ್ದು ವಾಟ್ಸಾಪ್‌ನಲ್ಲಿ ಬಂದ ಫೋಟೋ. ವಾಟ್ಸಾಪ್ ಸಾಮಾನ್ಯವಾಗಿ ಉದ್ದದ ಬದಿಯನ್ನು ಸುಮಾರು 1600 ಪಿಕ್ಸೆಲ್‌ಗೆ ಇಳಿಸಿ ಕಳಿಸುತ್ತದೆ. ಅಷ್ಟರಲ್ಲಿ ಕೂದಲಿನ ಎಳೆಗಳೆಲ್ಲ ಕರಗಿ ಗಂಜಿಯಾಗಿರುತ್ತವೆ. ಇಲ್ಲದ ಎಳೆಯನ್ನು ಉಳಿಸುವುದು ಹೇಗೆ? ಕ್ಯಾಮೆರಾದ ಹುಡುಗನಿಗೆ ಹೇಳಿ ಅದೇ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿದೆ. 6000 ಅಡ್ಡ, 4000 ಉದ್ದದ ಫೈಲ್ ಬಂತು.

ಇನ್ನು ಒಂದು ಚಿಕ್ಕ ಲೆಕ್ಕ. ಲೆಕ್ಕ ಅಂತ ಓಡಬೇಡಿ, ಇಡೀ ಕೆಲಸದ ಗುಟ್ಟು ಇದರಲ್ಲೇ ಉಂಟು.

ಫೋಟೋದಲ್ಲಿ ದೊಡ್ಡಮ್ಮನ ಗಲ್ಲದಿಂದ ನೆತ್ತಿಯವರೆಗೆ ಅಳೆದರೆ 1100 ಪಿಕ್ಸೆಲ್. ನಿಜವಾದ ತಲೆ ಸುಮಾರು 22 ಸೆಂಟಿಮೀಟರ್ ಅಂತ ಇಟ್ಟುಕೊಳ್ಳಿ. ಅಂದರೆ ಒಂದು ಸೆಂಟಿಮೀಟರ್‌ಗೆ 50 ಪಿಕ್ಸೆಲ್, ಒಂದು ಮಿಲಿಮೀಟರ್‌ಗೆ 5. ನಮ್ಮ ತಲೆಕೂದಲಿನ ಒಂದು ಎಳೆಯ ದಪ್ಪ ಸುಮಾರು 0.08 ಮಿಲಿಮೀಟರ್. ಹಾಗಾದರೆ ಫೋಟೋದಲ್ಲಿ ಒಂದು ಎಳೆಯ ಅಗಲ 0.4 ಪಿಕ್ಸೆಲ್. ಅರ್ಧ ಪಿಕ್ಸೆಲ್ ಕೂಡ ಇಲ್ಲ!

ಆದರೆ ಕ್ಯಾಮೆರಾದಲ್ಲಿ ಅರ್ಧ ಪಿಕ್ಸೆಲ್ ಅಂತ ಒಂದಿಲ್ಲ. ಆ ಒಂದು ಚೌಕದಲ್ಲಿ ನಾಲ್ಕು ಪಾಲು ಕೂದಲು, ಆರು ಪಾಲು ಹಿಂದಿನ ಬಣ್ಣ ಸೇರಿ ಬೆರೆತ ಬಣ್ಣವೊಂದು ಬೀಳುತ್ತದೆ. ಲೆನ್ಸಿನಿಂದ ಅದು ಇನ್ನೂ ಸ್ವಲ್ಪ ಹರಡುತ್ತದೆ. ಹಾಗಾಗಿ ನಿಮ್ಮ ಕಣ್ಣಿಗೆ ಕಪ್ಪು ಕೂದಲು ಅಂತ ಕಾಣುವ ಎಳೆಯನ್ನು ದೊಡ್ಡದು ಮಾಡಿ ನೋಡಿದರೆ ಅದು ಕಪ್ಪು ಗೆರೆಯೇ ಅಲ್ಲ, ಹಿಂದಿನದ್ದು ಕಾಣುವ ಮಸುಕು ಬೂದು ಗೆರೆ. ನಿಜವಾಗಿ ಕಪ್ಪಾಗಿ ಕಾಣುವುದು ಹತ್ತಾರು ಎಳೆ ಒಂದರ ಮೇಲೊಂದು ಬಿದ್ದಲ್ಲಿ ಮಾತ್ರ.

ಹೆಚ್ಚಿನ ಎಡಿಟಿಂಗ್ ಕೆಡುವುದು ಇಲ್ಲಿಯೇ. ಮೂರು ಪಿಕ್ಸೆಲ್ ದಪ್ಪದ ಕಪ್ಪು ಬ್ರಷ್ ಹಿಡಿದು ಗೆರೆ ಎಳೆದರೆ ಆ ಕೂದಲಿನ ದಪ್ಪ ನಿಜದಲ್ಲಿ 0.6 ಮಿಲಿಮೀಟರ್ ಆಯಿತು. ಅದು ಕೂದಲಲ್ಲ, ತೆಂಗಿನ ಗರಿಯ ಹಿಡಿಸೂಡಿ ಕಡ್ಡಿಯ ಜಾತಿ. ದೂರದಿಂದ ನೋಡುವವರಿಗೆ ಯಾಕೆ ಅಂತ ಹೇಳಲಿಕ್ಕೆ ಬರುವುದಿಲ್ಲ, ಆದರೆ ವಿಗ್ ಅಂತ ಥಟ್ಟನೆ ಗೊತ್ತಾಗುತ್ತದೆ.

ಹಾಗಾಗಿ ನಾನು ಇಟ್ಟುಕೊಂಡ ಅಳತೆ: ಬ್ರಷ್ ಗಾತ್ರ 2 ಪಿಕ್ಸೆಲ್, ಅಂಚು ಮೆದು, 'Opacity' 20ರಿಂದ 25. ಎರಡು ಪಿಕ್ಸೆಲ್ ಅಗಲಕ್ಕೆ ಶೇಕಡಾ 20 ಅಂದರೆ ಒಟ್ಟು 0.4 ಪಿಕ್ಸೆಲ್‌ನಷ್ಟು ಕೂದಲು. ಮೇಲಿನ ಲೆಕ್ಕಕ್ಕೆ ಸರಿ ಹೋಯಿತಲ್ಲ? ನಿಮ್ಮ ಫೋಟೋದಲ್ಲಿ ತಲೆ ಇನ್ನೂ ಚಿಕ್ಕದಾಗಿದ್ದರೆ ಇದಕ್ಕಿಂತಲೂ ತಿಳಿಯಾಗಬೇಕು.

ಈಗ ದೊಡ್ಡಮ್ಮನ ಬೈತಲೆಗೆ ಬರುವ.

ಕೂದಲು ಸೇರಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಬೈತಲೆ ಇಷ್ಟು ಎದ್ದು ಕಾಣುವುದು ಕೂದಲು ಕಮ್ಮಿ ಇರುವುದರಿಂದಲೋ, ಬೆಳಕಿನಿಂದಲೋ? ಈ ಫೋಟೋ ತೆಗೆದವರು ಜಗಲಿಯ ಮೆಟ್ಟಿಲ ಮೇಲೆ ನಿಂತು, ಸ್ವಲ್ಪ ಮೇಲಿನಿಂದ, ಫ್ಲ್ಯಾಶ್ ಹಾಕಿ ತೆಗೆದಿದ್ದಾರೆ. ಮೇ ತಿಂಗಳ ನಮ್ಮ ಊರಿನ ಸೆಕೆ ನಿಮಗೆ ಗೊತ್ತಲ್ಲ. ಬೆವರಿನ ನೆತ್ತಿ, ಅದರ ಮೇಲೆ ನೇರ ಫ್ಲ್ಯಾಶ್. ಚರ್ಮ ಕನ್ನಡಿಯ ಹಾಗೆ ಹೊಳೆದಿದೆ. ಪಕ್ಕದ ಕಪ್ಪು ಕೂದಲಿಗೂ ಆ ಹೊಳಪಿಗೂ ಇರುವ ಅಂತರವೇ ಕಣ್ಣಿಗೆ ಹೊಡೆಯುವುದು. ದೊಡ್ಡಮ್ಮನನ್ನು ಎದುರಿಗೆ ಕೂರಿಸಿ ಹಗಲು ಬೆಳಕಿನಲ್ಲಿ ನೋಡಿದರೆ ಬೈತಲೆ ಅಷ್ಟು ಅಗಲ ಇಲ್ಲವೇ ಇಲ್ಲ. ಫ್ಲ್ಯಾಶ್ ಸೇರಿಸಿದ್ದನ್ನು ತೆಗೆದರೆ ಅರ್ಧ ಕೆಲಸ ಮುಗಿಯಿತು, ಅದೂ ಒಂದೇ ಒಂದು ಸುಳ್ಳು ಕೂದಲು ಬರೆಯದೆ.

ಹೊಳಪು ಇಳಿಸುವುದು ಹೀಗೆ. ಹೊಸ ಖಾಲಿ ಲೇಯರ್ ಮಾಡಿ, ಅದರ 'Mode' ಎನ್ನುವಲ್ಲಿ 'Darken only' ಆರಿಸಿ. ಬೈತಲೆಯಲ್ಲಿಯೇ ಹೊಳೆಯದೆ ಉಳಿದ ಚರ್ಮದ ಬಣ್ಣವನ್ನು, ಅಂದರೆ ಗೋಧಿ ಬಣ್ಣಕ್ಕಿಂತ ಸ್ವಲ್ಪ ಗಾಢವಾದದ್ದನ್ನು, 'Color Picker'ನಿಂದ ತೆಗೆದುಕೊಳ್ಳಿ. 30 ಪಿಕ್ಸೆಲ್‌ನ ಮೆದು ಬ್ರಷ್, ಶೇಕಡಾ 15 ಬಲ, ಬೈತಲೆಯ ಉದ್ದಕ್ಕೆ ಮೂರು ನಾಲ್ಕು ಸಲ ಮೆಲ್ಲ ಸವರಿ. 'Darken only'ಯ ಗುಣ ಏನೆಂದರೆ, ಕೆಳಗಿನ ಪಿಕ್ಸೆಲ್ ನಿಮ್ಮ ಬಣ್ಣಕ್ಕಿಂತ ಬೆಳ್ಳಗಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕೂದಲು ಆ ಬಣ್ಣಕ್ಕಿಂತ ಕಪ್ಪು, ಆದ್ದರಿಂದ ಅದನ್ನು ಮುಟ್ಟುವುದಿಲ್ಲ. ಒಂದೊಂದು ಎಳೆಯ ಬುಡವೂ ಇದ್ದ ಹಾಗೇ ಉಳಿದು, ನಡುವಿನ ಹೊಳಪು ಮಾತ್ರ ಇಳಿಯುತ್ತದೆ.

ಇಷ್ಟು ಮಾಡಿ ಸ್ವಲ್ಪ ಹೊತ್ತು ಎದ್ದು ಹೋಗಿ ಚಾ ಕುಡಿದು ಬನ್ನಿ. ನಿಜವಾಗಿ ಹೇಳುವುದು, ಕೆಲವು ಫೋಟೋಗಳಿಗೆ ಇದಕ್ಕಿಂತ ಹೆಚ್ಚು ಬೇಡ. ದೊಡ್ಡಮ್ಮನದ್ದಕ್ಕೆ ಬೇಕಿತ್ತು.

ಬೈತಲೆಯ ಅಗಲ ಫೋಟೋದಲ್ಲಿ 40 ಪಿಕ್ಸೆಲ್, ಅಂದರೆ 8 ಮಿಲಿಮೀಟರ್. ಅದನ್ನು 25ಕ್ಕೆ, ಸುಮಾರು 5 ಮಿಲಿಮೀಟರ್‌ಗೆ, ತರುವುದು ಅಂತ ನಿಶ್ಚಯ ಮಾಡಿದೆ. ಸೊನ್ನೆಗೆ ತರುವ ಹಾಗಿಲ್ಲ. ದಟ್ಟ ಕೂದಲಿನ ಹುಡುಗಿಯರಿಗೂ ಬೈತಲೆ ತೆಗೆದರೆ ಚರ್ಮ ಕಂಡೇ ಕಾಣುತ್ತದೆ. ಅದು ಕಾಣದಿದ್ದರೆ ಕೂದಲು ಎಲ್ಲಿಂದ ಹುಟ್ಟಿತು ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಆ ಸ್ಟುಡಿಯೋ ಪ್ರಿಂಟ್ ಟೊಪ್ಪಿಯ ಹಾಗೆ ಕಂಡದ್ದು ಇದೇ ಕಾರಣಕ್ಕೆ. ಮತ್ತೊಂದು ವಿಷಯ, ದೊಡ್ಡಮ್ಮ ಬೈತಲೆಯ ಬುಡದಲ್ಲಿ ಕುಂಕುಮ ಇಡುತ್ತಾರೆ. ಅಲ್ಲಿ ಕೂದಲು ತುಂಬಿಸಿದರೆ ಕುಂಕುಮ ಕೂದಲಿನೊಳಗೆ ಹುಗಿದ ಹಾಗೆ ಆಗುತ್ತದೆ. ಆ ಪ್ರಿಂಟಿನಲ್ಲಿ ಅದು ಅರ್ಧ ಮುಚ್ಚಿಹೋಗಿತ್ತು. ಬೇರೆ ಯಾರೂ ಗಮನಿಸಿರಲಿಲ್ಲ, ದೊಡ್ಡಮ್ಮ ಮೊದಲು ನೋಡಿದ್ದೇ ಅದನ್ನು. ಆದ್ದರಿಂದ ಕುಂಕುಮದ ಸುತ್ತ ಒಂದು ಬೆರಳಿನಷ್ಟು ಜಾಗಕ್ಕೆ ನಾನು ಕೈಯೇ ಹಾಕಲಿಲ್ಲ.

ಕೂದಲು ಬರೆಯಲು ಇನ್ನೊಂದು ಖಾಲಿ ಲೇಯರ್. ಬಣ್ಣ ಕಪ್ಪು ಬೇಡ. ದೊಡ್ಡಮ್ಮನ ಕೂದಲಿನಿಂದಲೇ ಮೂರು ಬಣ್ಣ ಹೆಕ್ಕಿಕೊಂಡೆ: ಕಿವಿಯ ಹಿಂದಿನ ನೆರಳಿನ ಕಡುಕಂದು, ಬದಿಯ ಮಧ್ಯಮ ಬಣ್ಣ, ಮತ್ತೆ ಅಲ್ಲಲ್ಲಿ ಇದ್ದ ನರೆಯ ಬೂದು. ನರೆ ಸೇರಿಸಿ ಅಂದರೆ ಕೆಲವರಿಗೆ ವಿಚಿತ್ರ ಕಾಣಬಹುದು. ಆದರೆ ಅರುವತ್ತು ದಾಟಿದವರ ನೆತ್ತಿಯಲ್ಲಿ ಹೊಸದಾಗಿ ಬಂದ ಕೂದಲೆಲ್ಲ ಕಪ್ಪಾದರೆ ಅದು ಬೇರೆಯೇ ಆಗಿ ನಿಲ್ಲುತ್ತದೆ. ಹತ್ತರಲ್ಲಿ ಒಂದೆರಡು ಬೂದು ಎಳೆದರೆ ಉಳಿದ ಎಂಟೂ ನಂಬಿಕೆಗೆ ಬರುತ್ತವೆ.

ಎಳೆಯುವ ದಿಕ್ಕು ಬೈತಲೆಯ ಅಂಚಿನಿಂದ ಹೊರಗೆ, ಹಣಿಗೆ ಹೋಗುವ ದಿಕ್ಕಿಗೆ. ಉದ್ದ 50ರಿಂದ 100 ಪಿಕ್ಸೆಲ್, ಅಂದರೆ ಒಂದೆರಡು ಸೆಂಟಿಮೀಟರ್. ಎಲ್ಲವನ್ನೂ ಒಂದೇ ಸಾಲಿನಿಂದ ಶುರು ಮಾಡಬಾರದು. ಗಾರೆ ಗೆರೆಯ ಹಾಗೆ ನೇರವಾದ ಬೈತಲೆ ಗೊಂಬೆಗೆ ಮಾತ್ರ ಇರುತ್ತದೆ. ಒಂದು ಎಳೆ ಸ್ವಲ್ಪ ಒಳಗಿನಿಂದ, ಇನ್ನೊಂದು ಹೊರಗಿನಿಂದ, ಎರಡು ಅಡ್ಡಾದಿಡ್ಡಿ, ಹೀಗೆ ಹೋಗಬೇಕು. ಬದಿಗೆ ಸುಮಾರು 70 ಎಳೆಯ ಹಾಗೆ ಎರಡೂ ಬದಿ ಎಳೆದೆ. ಮೌಸಿನಲ್ಲಿ ಕೈ ನಡುಗುತ್ತದೆ ಅನ್ನುವವರಿಗೆ ಒಂದು ಉಪಾಯ ಉಂಟು. 'Paths' ಉಪಕರಣದಿಂದ ಎರಡು ಚುಕ್ಕೆ ಇಟ್ಟು ಬಾಗಿಸಿ, 'Stroke Path' ಒತ್ತಿ, ಅದರಲ್ಲಿ ಪೇಂಟ್ ಟೂಲ್‌ನಿಂದ ಎಳೆಯುವುದನ್ನು ಆರಿಸಿ 'Emulate brush dynamics' ಎನ್ನುವುದಕ್ಕೆ ಟಿಕ್ ಹಾಕಿ. ಬ್ರಷ್‌ನ 'Dynamics' ಎನ್ನುವಲ್ಲಿ 'Pressure Size' ಇದ್ದರೆ ಗೆರೆಯ ತುದಿ ತಾನಾಗಿಯೇ ಚೂಪಾಗುತ್ತದೆ. ಒಂದೊಂದಾಗಿ ಮಾಡುವುದು ಬೇಸರದ ಕೆಲಸ, ಆದರೆ ನಾಲ್ಕು ಎಳೆ ಮಾಡಿ ಅದನ್ನೇ ನಕಲು ಹೊಡೆದು ತುಂಬಿಸಬೇಡಿ. ಒಂದೇ ಬಾಗು ಮೂರು ಸಲ ಬಂದರೆ ಕಣ್ಣು ಹಿಡಿಯುತ್ತದೆ.

ತಲೆಯ ಮೇಲೆ ಕೂದಲಿಗೆ ಒಂದು ಹೊಳಪಿನ ಪಟ್ಟಿ ಇರುತ್ತದೆ, ಹಣೆಯ ಮೇಲ್ಗಡೆ ಅಡ್ಡಕ್ಕೆ. ನೀವು ಬರೆದ ಗಾಢ ಎಳೆ ಆ ಪಟ್ಟಿಯನ್ನು ದಾಟಿ ಅದೇ ಬಣ್ಣದಲ್ಲಿ ಹೋದರೆ ಸಿಕ್ಕಿಬಿದ್ದಿರಿ ಅಂತಲೇ ಲೆಕ್ಕ. ಅಸಲಿ ಕೂದಲು ಅಲ್ಲಿ ಬೆಳ್ಳಗಾಗುತ್ತದೆ. ಎಳೆಗಳ ಲೇಯರಿಗೆ ಮಾಸ್ಕ್ ಹಾಕಿ, ಪಟ್ಟಿ ಇರುವಲ್ಲಿ ಬೂದು ಬಣ್ಣ ಸವರಿ ಎಳೆಗಳನ್ನು ಅರ್ಧ ಮಾಯ ಮಾಡಿದೆ. ಕೊನೆಗೆ ಆ ಲೇಯರಿಗೆ ಮಾತ್ರ ಅರ್ಧ ಪಿಕ್ಸೆಲ್‌ನಷ್ಟು ಬ್ಲರ್ ಕೊಟ್ಟೆ. ಫೋಕಸ್ ಮುಖದ ಮೇಲೆ ಇದ್ದದ್ದರಿಂದ ನೆತ್ತಿ ಸ್ವಲ್ಪ ಮೆದುವಾಗಿತ್ತು. ನಾವು ಬರೆದದ್ದು ಅದಕ್ಕಿಂತ ಹರಿತವಾಗಿದ್ದರೆ ತೇಲುತ್ತದೆ.

ಮೇಲ್ಗಡೆ ಕೂದಲು ತಲೆಗೆ ಅಂಟಿಕೊಂಡದ್ದನ್ನು ಸ್ವಲ್ಪ ಎತ್ತುವುದು ಇನ್ನೊಂದು ಕೆಲಸ. ಅದಕ್ಕೆ ಫೋಟೋದ ನಕಲು ಲೇಯರಿನ ಮೇಲೆ 'Warp Transform', ಅದರಲ್ಲಿ 'Move pixels'. ಇದನ್ನು ಎಳೆ ಬರೆಯುವ ಮೊದಲೇ ಮಾಡಿಕೊಂಡರೆ ಒಳ್ಳೆಯದು, ಇಲ್ಲದಿದ್ದರೆ ಬರೆದದ್ದು ಅಲ್ಲೇ ಉಳಿದು ಫೋಟೋ ಮಾತ್ರ ಜರಗುತ್ತದೆ. ಬ್ರಷ್ ದೊಡ್ಡದಿರಬೇಕು, ನಾನು 400 ಇಟ್ಟೆ. ಚಿಕ್ಕ ಬ್ರಷ್‌ನಲ್ಲಿ ತಳ್ಳಿದರೆ ತಲೆಯಲ್ಲಿ ಬುಗುಟೆ ಎದ್ದ ಹಾಗೆ ಆಗುತ್ತದೆ. ಮೇಲಕ್ಕೆ 20 ಪಿಕ್ಸೆಲ್, ಅಷ್ಟೇ. ನಿಜದಲ್ಲಿ ಅದು 4 ಮಿಲಿಮೀಟರ್. ಕೇಳಲಿಕ್ಕೆ ಏನೂ ಅಲ್ಲ ಅನಿಸುತ್ತದೆ, ಆದರೆ ಹೊಸದಾಗಿ ತಲೆ ಮಿಂದು ಒಣಗಿಸಿದ ಕೂದಲಿಗೂ ಎಣ್ಣೆ ಹಚ್ಚಿ ಬಾಚಿದ ಕೂದಲಿಗೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ. 40, 50 ಎತ್ತಿದರೆ ಎಳೆಗಳು ಎಳೆದ ರಬ್ಬರಿನಂತೆ ಅಗಲವಾಗಿ ಮಸುಕಾಗುತ್ತವೆ, ಮುಖ ಚಿಕ್ಕದಾಗಿ ಕಾಣುತ್ತದೆ.

ದೊಡ್ಡಮ್ಮನ ಹಿಂದೆ ಅಡಿಕೆ ತೋಟ. ಎತ್ತುವಾಗ ಹಿಂದಿನ ಮರವೂ ಜೊತೆಗೆ ಹೋಗುತ್ತದೆ. ನೇರ ಮೇಲಕ್ಕೆ ತಳ್ಳಿದರೆ ನೆಟ್ಟಗಿನ ಕಾಂಡ ನೆಟ್ಟಗೇ ಇರುತ್ತದೆ, ಅದರ ಮೇಲಿನ ಉಂಗುರದ ಗುರುತು ಮಾತ್ರ ಸ್ವಲ್ಪ ಒತ್ತೊತ್ತಾಗುತ್ತದೆ, ಯಾರಿಗೂ ಕಾಣುವುದಿಲ್ಲ. ಆದರೆ ಕಿವಿಯ ಮೇಲ್ಗಡೆ ಬದಿಗೆ ತಳ್ಳಿದರೆ ಅಡಿಕೆ ಮರಕ್ಕೆ ಸೊಂಟ ಬರುತ್ತದೆ! ನಮ್ಮೂರಿನವರಿಗೆ ಅಡಿಕೆ ಮರ ಹೇಗಿರುತ್ತದೆ ಅಂತ ಹೇಳಿಕೊಡಬೇಕಾಗಿಲ್ಲ, ಕೂಡಲೇ ಹಿಡಿಯುತ್ತಾರೆ. ಬದಿಯಲ್ಲಿ ಬೇಕೇ ಬೇಕಾದರೆ ಈ ಲೇಯರಿಗೂ ಮಾಸ್ಕ್ ಹಾಕಿ, ಕಾಂಡ ಇರುವಲ್ಲಿ ಕಪ್ಪು ಸವರಿ ಹಳೆಯ ಕಾಂಡವನ್ನೇ ವಾಪಸ್ ತನ್ನಿ. ನಿಮ್ಮ ಫೋಟೋದಲ್ಲಿ ಅದು ಕಿಟಕಿಯ ಸರಳೋ ಬಾಗಿಲ ದಾರಂದವೋ ಇರಬಹುದು.

ಅಕ್ಕನದ್ದು ಇದಕ್ಕೆ ತದ್ವಿರುದ್ಧ ಸಮಸ್ಯೆ. ಅವಳ ಕೂದಲು ಗುಂಗುರು. ಬೆಂಗಳೂರಿನಲ್ಲಿ ಒಂದು ಹಾಗೆ ಇರುತ್ತದೆ, ಶಿರಾಡಿ ಘಾಟಿ ಇಳಿದ ಮೇಲೆ ಇನ್ನೊಂದು ಹಾಗೆ. ಗಾಳಿಯ ತೇವವನ್ನು ಕೂದಲು ಹೀರಿಕೊಂಡಾಗ ಅದರೊಳಗೆ ಆಕಾರ ಹಿಡಿದಿಟ್ಟ ದುರ್ಬಲ ಬಂಧಗಳು ಬಿಟ್ಟು ಬೇರೆ ರೀತಿ ಕೂಡುತ್ತವೆ, ಬೆಳಿಗ್ಗೆ ಬಾಚಿ ಕೂರಿಸಿದ್ದು ಮಧ್ಯಾಹ್ನ ತನ್ನ ಮೂಲ ಸುರುಳಿಗೆ ಹೋಗುತ್ತದೆ. ಪ್ರತಿ ಎಳೆಯೂ ತನ್ನದೇ ದಾರಿ ಹಿಡಿಯುವುದರಿಂದ ಕೆದರುತ್ತದೆ. ನೇತ್ರಾವತಿಯ ದಡದಲ್ಲಿ, ಮೇ ತಿಂಗಳಲ್ಲಿ, ರೇಷ್ಮೆ ಸೀರೆಯಲ್ಲಿ ಬೆಳಿಗ್ಗೆಯಿಂದ ನಿಂತವಳ ಕೂದಲು ಮತ್ತೆ ಹೇಗಿರಬೇಕು?

ಅವಳ ತಲೆಯ ಎಡಬದಿಯ ಹಿಂದೆ ಹೊಳೆಯ ನೀರು, ಬಿಸಿಲಿಗೆ ಬೆಳ್ಳಗೆ ಮಿಂಚುತ್ತಿದೆ. ಬಲಬದಿಯ ಹಿಂದೆ ಅಡಿಕೆ ತೋಟದ ಕತ್ತಲು. ಹಾರುವ ಎಳೆ ನೀರಿನ ಎದುರು ಕಪ್ಪಾಗಿ ಕಾಣುತ್ತದೆ. ಅದೇ ಎಳೆಗಳು ತೋಟದ ಎದುರು, ಹಿಂದಿನಿಂದ ಬಿಸಿಲು ಬಿದ್ದು, ಚಿನ್ನದ ತಂತಿಯ ಹಾಗೆ ಹೊಳೆಯುತ್ತವೆ. ಒಂದೇ ತಲೆ, ಎರಡು ಬಗೆಯ ಕೆದರು. ಒಂದೇ ಮದ್ದು ಎರಡಕ್ಕೂ ಆಗುವುದಿಲ್ಲ.

ಫೋಟೋದ ಲೇಯರನ್ನು ನಕಲು ಮಾಡಿ 'Clone' ಉಪಕರಣ ತೆಗೆದುಕೊಳ್ಳಿ. ನೀರಿನ ಬದಿಯಲ್ಲಿ ಉಪಕರಣದ 'Mode' ಅನ್ನು 'Lighten only' ಮಾಡಿ, Ctrl ಒತ್ತಿ ಎಳೆಯ ಹತ್ತಿರದ ಖಾಲಿ ನೀರಿನ ಮೇಲೆ ಕ್ಲಿಕ್ ಮಾಡಿ, ಆಮೇಲೆ ಎಳೆಯ ಮೇಲೆ ಸವರಿ. ತಂದ ಬಣ್ಣಕ್ಕಿಂತ ಕಪ್ಪಾದದ್ದು ಮಾತ್ರ ಬದಲಾಗುತ್ತದೆ, ಉಳಿದ ನೀರು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಆದ್ದರಿಂದ ಸವರಿದ ಗುರುತು ಬೀಳುವುದಿಲ್ಲ. ತೋಟದ ಬದಿಯಲ್ಲಿ ಇದರ ಉಲ್ಟಾ, 'Darken only'. ಬಣ್ಣ ತರುವ ಜಾಗ ಎಳೆಯಿಂದ 30, 40 ಪಿಕ್ಸೆಲ್ ಒಳಗೇ ಇರಲಿ. ದೂರದಿಂದ ತಂದರೆ ನೀರಿನ ಬೆಳಕು ಬದಲಾಗಿ ತೇಪೆ ಕಾಣುತ್ತದೆ.

ಎಷ್ಟು ತೆಗೆಯುವುದು ಅನ್ನುವುದು ಇದಕ್ಕಿಂತ ಕಷ್ಟದ ಪ್ರಶ್ನೆ. ನಾನು ಕೂದಲಿನ ಮುಖ್ಯ ಅಂಚಿನಿಂದ ಒಂದು ಸೆಂಟಿಮೀಟರ್, ಅಂದರೆ 50 ಪಿಕ್ಸೆಲ್, ದೂರಕ್ಕೆ ಮನಸ್ಸಿನಲ್ಲೇ ಒಂದು ಬೇಲಿ ಹಾಕಿದೆ. ಬೇಲಿಯಿಂದ ಹೊರಗೆ ಹೋದ ಎಳೆಗಳಲ್ಲಿ ಹೆಚ್ಚಿನವು ಹೋದವು. ಒಳಗಿನವುಗಳಲ್ಲಿ ಅರ್ಧಕ್ಕರ್ಧ ಉಳಿದವು. ಆದರೆ ಬೇಲಿಯ ಹತ್ತಿರ ಎಳೆಯನ್ನು ಅರ್ಧಕ್ಕೆ ಕತ್ತರಿಸಬಾರದು. ಒಂದು ಎಳೆ ಹೊರಗೆ ಹೋಗಿ ಬಾಗಿ ಮತ್ತೆ ಒಳಗೆ ಬರುತ್ತದೆ ಅಂತ ಇಟ್ಟುಕೊಳ್ಳಿ. ಹೊರಗಿನ ಬಾಗು ಮಾತ್ರ ಅಳಿಸಿದರೆ ಎರಡು ತುಂಡು ಗಾಳಿಯಲ್ಲಿ ನಿಲ್ಲುತ್ತವೆ. ಎಳೆಯನ್ನು ಹಿಡಿದರೆ ಬುಡದವರೆಗೂ ಹೋಗಿ ತೆಗೆಯಿರಿ, ಇಲ್ಲದಿದ್ದರೆ ಪೂರ್ತಿ ಬಿಡಿ. ಹಣೆಯ ಅಂಚಿನ ಎಳೆಗೂದಲಿಗೆ ಕೈ ಹಾಕಲೇ ಇಲ್ಲ. ಅದು ಹೋದರೆ ಹಣೆ ಮತ್ತು ಕೂದಲಿನ ನಡುವೆ ಗೆರೆ ಬಿದ್ದು ಮುಖವಾಡದಂತೆ ಆಗುತ್ತದೆ. ಕಿವಿಯ ಹಿಂದೆ ಇಣುಕುತ್ತಿದ್ದ ಮಲ್ಲಿಗೆ ಚೆಂಡಿನ ಹತ್ತಿರ ಬ್ರಷ್ ತೀರ ಚಿಕ್ಕದು ಮಾಡಿಕೊಂಡೆ. ಮೊಗ್ಗಿನ ಬಿಳುಪಿನ ಮೇಲೆ 'Darken only' ಹೋದರೆ ಹೂ ಬಾಡಿದ ಹಾಗೆ ಕಂದು ಹಿಡಿಯುತ್ತದೆ.

ಇಷ್ಟಾದ ಮೇಲೂ ತೋಟದ ಬದಿಯಲ್ಲಿ ಒಂದಷ್ಟು ಜಾಗ ತುಂಬ ನುಣ್ಣಗೆ ಕಂಡಿತು. ಅಲ್ಲಿ ಹೊಸ ಎಳೆ ಬರೆಯಬೇಕಾಗಿಲ್ಲ. ನಕಲು ಲೇಯರಿನ ಮೇಲೆ ಕೆಲಸ ಮಾಡಿದ್ದರಿಂದ ಕೆಳಗೆ ಅಸಲಿ ಉಂಟಲ್ಲ. ಮಾಸ್ಕ್ ಹಾಕಿ, 3 ಪಿಕ್ಸೆಲ್‌ನ ಕಪ್ಪು ಬ್ರಷ್ ಹಿಡಿದು, ಅಳಿಸಿದ ಎಳೆಗಳಲ್ಲಿ ಒಂದೊಂದು ಬಿಟ್ಟು ಒಂದೊಂದನ್ನು ವಾಪಸ್ ಕರೆದೆ. ಅವಳದ್ದೇ ಕೂದಲು, ಅವಳದ್ದೇ ಬಾಗು. ನಾನು ಎಷ್ಟು ಚಂದ ಬರೆದರೂ ಅದಕ್ಕೆ ಸಮ ಆಗಲಿಕ್ಕಿಲ್ಲ.

ಪರೀಕ್ಷೆ ಎರಡೇ ಮಾಡಿದೆ. ಒಂದು, ಫೋಟೋವನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಎಡಬಲ ತಿರುಗಿಸಿ ನೋಡುವುದು. ಎರಡು ತಾಸು ದಿಟ್ಟಿಸಿದ ಕಣ್ಣಿಗೆ ಒಗ್ಗಿಹೋದ ತಪ್ಪುಗಳು ತಿರುಗಿಸಿದ ಕೂಡಲೇ ಎದ್ದು ಕಾಣುತ್ತವೆ. ದೊಡ್ಡಮ್ಮನ ಬೈತಲೆಯ ಒಂದು ಬದಿ ಇನ್ನೊಂದಕ್ಕಿಂತ ದಟ್ಟ ಅಂತ ಗೊತ್ತಾದದ್ದು ಹಾಗೆ. ಎರಡನೆಯದು, ಪ್ರಿಂಟಿನ ಅಳತೆಗೆ ಇಳಿಸಿ ನೋಡುವುದು. ಚಾವಡಿಯ ಫ್ರೇಮ್ 12 ಇಂಚು ಉದ್ದ, 8 ಇಂಚು ಎತ್ತರ. ಇಂಚಿಗೆ 300 ಚುಕ್ಕೆಯಂತೆ 3600 ಗುಣಿಸು 2400 ಪಿಕ್ಸೆಲ್ ಸಾಕು. 6000ವನ್ನು 3600ಕ್ಕೆ ಇಳಿಸಿದಾಗ ಎಳೆಗಳು ಇನ್ನೂ ತಿಳಿಯಾಗುತ್ತವೆ. ಅದಕ್ಕೇ, ಪರದೆಯ ಮೇಲೆ ನಾಲ್ಕು ಪಟ್ಟು ದೊಡ್ಡದು ಮಾಡಿಕೊಂಡು ಒಂದೊಂದು ಎಳೆಗೂ ತಲೆ ಕೆಡಿಸಿಕೊಳ್ಳುವುದರಲ್ಲಿ ಅರ್ಥ ಇಲ್ಲ.

ಕೊನೆಗೆ ದೊಡ್ಡಮ್ಮನನ್ನೇ ಲ್ಯಾಪ್‌ಟಾಪ್ ಎದುರು ಕೂರಿಸಿದೆ. ಬರೆದ ಎಳೆಗಳ ಲೇಯರಿನ 'Opacity' ಪಟ್ಟಿಯನ್ನು ಅವರ ಕೈಗೇ ಕೊಟ್ಟೆ. ಬಲಕ್ಕೆ ಎಳೆದರೆ ಕೂದಲು ಹೆಚ್ಚು, ಎಡಕ್ಕೆ ಎಳೆದರೆ ಕಮ್ಮಿ. ನೂರರಲ್ಲಿ ನೋಡಿ ನಕ್ಕರು, "ಇದು ನನ್ನ ಮದುವೆಯ ಸಮಯದ್ದು" ಅಂದರು. ಮೆಲ್ಲ ಮೆಲ್ಲ ಇಳಿಸುತ್ತಾ ಬಂದು ಅರುವತ್ತರ ಹತ್ತಿರ ನಿಲ್ಲಿಸಿದರು. ಇನ್ನೂ ಸ್ವಲ್ಪ ಏರಿಸಬಹುದಲ್ವಾ ಅಂತ ಅಕ್ಕ ಕೇಳಿದ್ದಕ್ಕೆ, "ಬೇಡ ಮಾರಾಯ್ತಿ, ಮನೆಗೆ ಬಂದವರು ಫೋಟೋ ನೋಡಿ ಮತ್ತೆ ನನ್ನ ತಲೆ ನೋಡ್ತಾರೆ" ಅಂದರು. ನನ್ನ ಲೆಕ್ಕದಲ್ಲಿ ಎಂಭತ್ತು ಸರಿ ಇತ್ತು. ಆದರೆ ತಲೆ ಅವರದ್ದು.

ಇಂಥ ಫೈಲನ್ನು XCF ಆಗಿ ಉಳಿಸಿಡಿ, ಲೇಯರುಗಳು ಬೇರೆ ಬೇರೆಯಾಗಿಯೇ ಇರುತ್ತವೆ. ಪ್ರಿಂಟಿಗೆ ಮಾತ್ರ JPEG ತೆಗೆದು ಕೊಡಿ. ನಾಳೆ ಯಾರಾದರೂ ಇನ್ನೂ ಸ್ವಲ್ಪ ಕಮ್ಮಿ ಮಾಡು ಅಂದರೆ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ಪ್ರಿಂಟನ್ನು ಮ್ಯಾಟ್ ಕಾಗದದಲ್ಲಿ ಮಾಡಿಸಿದೆವು. ನಮ್ಮ ಚಾವಡಿಯ ಬಾಗಿಲ ಬೆಳಕಿಗೆ ಹೊಳೆಯುವ ಕಾಗದ ಹಾಕಿದರೆ ನೆತ್ತಿಯ ಮೇಲೆ ಮತ್ತೆ ಹೊಳಪು ಬಂದು ಕೂತುಕೊಳ್ಳುತ್ತದೆ.

ಫೋಟೋ ಗೋಡೆಗೆ ಏರಿದ ವಾರದಲ್ಲಿ ಅಕ್ಕನದ್ದು ಇನ್ನೊಂದು ಫೋನ್. ಭಾವ ಗಲ್ಫ್‌ನಲ್ಲಿ ಇದ್ದಾರೆ, ಅವಳಿಗೆ ವೀಸಾ ಮಾಡಿಸಬೇಕು, ಇದರಲ್ಲೇ ಮುಖ ಕತ್ತರಿಸಿ ಪಾಸ್‌ಪೋರ್ಟ್ ಸೈಜ್ ಮಾಡಿ ಕೊಡು ಅಂದಳು. ಆಗುವುದಿಲ್ಲ ಅಂದೆ. ವೀಸಾ, ಪಾಸ್‌ಪೋರ್ಟ್ ಫೋಟೋಗಳಲ್ಲಿ ಮುಖ ತಲೆಯನ್ನು ಕಂಪ್ಯೂಟರಿನಲ್ಲಿ ತಿದ್ದಬಾರದು, ತಿದ್ದಿದ್ದು ಗೊತ್ತಾದರೆ ಅರ್ಜಿ ವಾಪಸ್ ಬರಬಹುದು. ಮರುದಿನ ಕೂದಲಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ, ಗಟ್ಟಿ ಜಡೆ ಹಾಕಿಕೊಂಡು ಬಿ.ಸಿ.ರೋಡಿಗೆ ಹೋಗಿ ಬೇರೆ ಫೋಟೋ ತೆಗೆಸಿ ಬಂದಳು.